ಪಾಡ್ದನ ಸಂಗ್ರಹ: ವಕ್ತೃಗಳ ಪಟ್ಟಿ ಅನುಬಂಧದಲ್ಲಿದ್ದರೆ ಸಾಕೇ?

ನೇಜಿಸಾಲು

ಪಿಎಚ್.ಡಿ. ಬರವಣಿಗೆ ಕೊನೆಯ ಹಂತಕ್ಕೆ ಬಂದಿದೆ. ವಿಷಯ ಬೆಳ್ತಂಗಡಿ ಕಡೆಯ ತುಳು ಗದ್ದೆ ಹಾಡುಗಳು ಮತ್ತು ಕಥೆ ಹೇಳುವ ಪಾಡ್ದನಗಳು. ಹೆಚ್ಚಿನ ಹಾಡುಗಳನ್ನು ಮೂವರು ಹೆಂಗಸರು ಸೇರಿ ಹಾಡಿದ್ದಾರೆ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದಿಬ್ಬರು ಓಬೇಲೆ ಎಂಬ ಸೊಲ್ಲು ಹಿಡಿದು ಹಿಂದಿನಿಂದ ಹೇಳುತ್ತಾರೆ. ಒಂದು ಉದ್ದದ ಪಾಡ್ದನವನ್ನು ತೆಂಬರೆ ಬಡಿಯುತ್ತ ಹೇಳಿದವರು ದೈವಕ್ಕೆ ಕಟ್ಟುವ ಕುಟುಂಬದ ಹಿರಿಯರು. ನಡುವೆ ಒಂದು ಭಾಗ ಹೇಳಿ, "ಇದು ಕೋಲದ ದಿನ ಮಾತ್ರ ಹೇಳುವುದು" ಅಂದರು. ಅದೂ ರೆಕಾರ್ಡ್ ಆಗಿದೆ. ಹಾಡುಗಳ ನಡುವಿನ ಮಾತಿನಲ್ಲಿ ಬಾಣಂತಿಗೆ ಕೊಡುವ ಒಂದು ಸೊಪ್ಪಿನ ಮದ್ದಿನ ವಿವರವೂ ಬಂದಿದೆ.

ಗೈಡ್ ಹೇಳುವುದು: ಕೊನೆಯಲ್ಲಿ ಅನುಬಂಧ 2 ಅಂತ ಮಾಡಿ ಹೆಸರು, ವಯಸ್ಸು, ಜಾತಿ, ಊರು, ವಿದ್ಯಾಭ್ಯಾಸ ಹಾಕಿ, ಎಲ್ಲರೂ ಹಾಗೆಯೇ ಮಾಡುವುದು. ಅಷ್ಟಾದರೆ ಹಾಡಿದವರಿಗೆ ಸಲ್ಲಬೇಕಾದದ್ದು ಸಂದಂತೆಯೇ? ರೆಕಾರ್ಡಿಂಗ್‌ಗಳನ್ನು ಯೂಟ್ಯೂಬಿಗೆ ಹಾಕಿ ಪ್ರಬಂಧದಲ್ಲಿ ಕ್ಯೂಆರ್ ಕೋಡ್ ಕೊಡಬಹುದೇ?

ಎಂಎಮುಗೀತು

ಇದಕ್ಕೆ ಯಾಕಿಷ್ಟು ತಲೆಬಿಸಿ? ಹಾಡುಗಳನ್ನೆಲ್ಲ ಉದ್ಧರಣ ಚಿಹ್ನೆಯೊಳಗೆ ಹಾಕಿಬಿಡಿ. ಕೃತಿಚೌರ್ಯ ನೋಡುವ ಸಾಫ್ಟ್‌ವೇರ್ ಅದನ್ನು ಲೆಕ್ಕದಿಂದ ಬಿಡುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ದಂಡವೇ ಇಲ್ಲ. ತುಳು ಹಾಡು ಅದರ ಕಣ್ಣಿಗೆ ಬೀಳುವುದೂ ಅನುಮಾನ.

ನೇಜಿಸಾಲು

ಕೇಳಿದ್ದು ಅದಲ್ಲ. ಸಾಫ್ಟ್‌ವೇರಿಗೆ ಕಾಣದೇ ಇರುವುದೇ ಇಲ್ಲಿನ ತೊಂದರೆ ಅಂತ ಬೇಕಾದರೆ ಹೇಳಬಹುದು. ಅಚ್ಚಾಗದ ಹಾಡನ್ನು ಯಾರದೂ ಅಲ್ಲ ಎಂಬಂತೆ ಬರೆದರೂ ಯಾವ ಯಂತ್ರವೂ ಹಿಡಿಯುವುದಿಲ್ಲ.

ಧಾರವಾಡಗಾಳಿ

ಜಾನಪದ ಅಂದ್ರ ಕರ್ತೃ ಇಲ್ಲದ್ದು ಅಂತ ನಾವೆಲ್ಲ ಓದೇವಿ. ಲಾವಣಿ ಇರಲಿ, ಬೀಸೋ ಹಾಡಿರಲಿ, ಅದು ಊರಿನ ಆಸ್ತಿ. ಕಾಪಿರೈಟ್ ಕಾಯ್ದೆಯೊಳಗ ಜಾನಪದಕ್ಕ ಅಂತ ಪ್ರತ್ಯೇಕ ಕಲಮೇ ಇಲ್ಲ. ಅಂದಮ್ಯಾಲೆ ಅನುಮತಿ, ಹಕ್ಕು ಇವೆಲ್ಲ ಕಾನೂನಿನ ಮಾತಲ್ಲ, ಬರೀ ಸೌಜನ್ಯದ ಮಾತು. ಅನುಬಂಧದಾಗ ಹೆಸರು ಹಾಕಿದ್ರ ಸೌಜನ್ಯ ತೀರಿತು. ಅದಕ್ಕಿಂತ ಹೆಚ್ಚು ಮಾಡಬ್ಯಾಡ್ರಿ ಅಂತ ಯಾರೂ ಅನ್ನೂದಿಲ್ಲ, ಮಾಡಲೇಬೇಕು ಅಂತನೂ ಇಲ್ಲ.

ಹಳೆಗಡತ

ಧಾರವಾಡದವರ ಮಾತಿನಲ್ಲಿ ಮೊದಲ ಅರ್ಧ ಸರಿ. ಹಾಡಿನ ಕಥೆಗೂ ಸಾಲುಗಳಿಗೂ ನಮ್ಮ ಕಾಯ್ದೆಯಲ್ಲಿ ಒಡೆಯರಿಲ್ಲ. ಆದರೆ ಹಾಡಿದವರಿಗೆ ಹಕ್ಕು ಉಂಟು. 1957ರ ಕಾಪಿರೈಟ್ ಕಾಯ್ದೆಯ 38ನೇ ಕಲಮು ಪ್ರದರ್ಶಕರ ಹಕ್ಕನ್ನು ಹೇಳುತ್ತದೆ. ಸಿನಿಮಾ ಗಾಯಕರಿಗೆ ಮಾತ್ರ ಅಂತ ಅಲ್ಲಿಲ್ಲ, ಜಗಲಿಯಲ್ಲಿ ಕೂತು ಹಾಡಿದವರೂ ಅದರೊಳಗೆ ಬರುತ್ತಾರೆ. ಹಾಡಿದ ವರ್ಷ ಕಳೆದ ಮೇಲೆ 50 ವರ್ಷ ಅದು ಉಳಿಯುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಇನ್ನೂ ಮುಖ್ಯ. ಹಾಡಿದ್ದು ಇವರೇ ಎಂದು ಗುರುತಿಸಿಕೊಳ್ಳುವ ಹಕ್ಕು, ಹೆಸರು ಕೆಡುವಂತೆ ಹಾಡನ್ನು ತಿರುಚಿದರೆ ತಡೆಯುವ ಹಕ್ಕು, ಇವೆರಡೂ ಹಾಡಿದವರ ಬಳಿಯೇ ಇರುತ್ತವೆ. ಹಾಗಾಗಿ ಹೆಸರು ಹೇಳುವುದು ಬರೀ ಸೌಜನ್ಯವಲ್ಲ.

ಈಗ ಯೂಟ್ಯೂಬಿನ ಪ್ರಶ್ನೆ. 39ನೇ ಕಲಮು ಸಂಶೋಧಕರಿಗೆ ಒಂದು ಬಾಗಿಲು ತೆರೆದಿಟ್ಟಿದೆ. ನಿಜವಾದ ಬೋಧನೆಗೆ ಅಥವಾ ಸಂಶೋಧನೆಗೆ ಮಾತ್ರ ರೆಕಾರ್ಡ್ ಮಾಡಿಕೊಂಡರೆ ಅದು ಹಕ್ಕಿನ ಉಲ್ಲಂಘನೆಯಲ್ಲ. "ಮಾತ್ರ" ಅಂತ ಇರುವುದನ್ನು ಗಮನಿಸಿ. ಅದೇ ಕಡತವನ್ನು ಲೋಕವೆಲ್ಲ ಕೇಳುವಂತೆ ಏರಿಸಿದ ದಿನ ನೀವು ಆ ಬಾಗಿಲಿನಿಂದ ಹೊರಗೆ ನಿಂತಿರುತ್ತೀರಿ. ಅಲ್ಲಿಗೆ ಹಾಡಿದವರ ಒಪ್ಪಿಗೆ ಬೇಕೇ ಬೇಕು.

ಇನ್ನೊಂದು ವಿಷಯ ಯಾರೂ ಹಾಡುಗಾರರಿಗೆ ತಿಳಿಸುವುದಿಲ್ಲ. ಧ್ವನಿಮುದ್ರಣದ ಕಾಪಿರೈಟು ಕಾಯ್ದೆಯ ಪ್ರಕಾರ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವರದು. ನಿಮ್ಮ ವಿಷಯದಲ್ಲಿ ಅದು ನೀವು. ನೀವು ಬಯಸಲಿ ಬಿಡಲಿ, ರೆಕಾರ್ಡರಿನ ಗುಂಡಿ ಒತ್ತಿದಾಗಲೇ ಆ ಹಕ್ಕು ನಿಮ್ಮ ಪಾಲಿಗೆ ಬಂದಾಯಿತು. ನಾಳೆ ಒಂದು ಆಲ್ಬಂ ಕಂಪನಿ ಕಡತ ಕೇಳಿದರೆ ನಿಮ್ಮ ಸಹಿ ಕೇಳುತ್ತದೆ, ಹಾಡಿದವರದನ್ನು ಕೇಳುವುದನ್ನು ಮರೆಯುತ್ತದೆ. ಒಪ್ಪಿಗೆ ಪತ್ರದಲ್ಲಿ ಅದಕ್ಕೇ ಒಂದು ಸಾಲು ಬೇಕು: ದುಡ್ಡು ಹುಟ್ಟುವ ಯಾವ ಬಳಕೆಗೂ ಹಾಡಿದವರ ಹೊಸ ಅನುಮತಿ ಇಲ್ಲದೆ ನಾನು ಈ ಕಡತ ಕೊಡುವುದಿಲ್ಲ.

ಧಾರವಾಡಗಾಳಿ

38ಬಿ ಇರೂದು ಗೊತ್ತಿರಲಿಲ್ಲ, ಒಪ್ಪಿದೆ. ಆದ್ರ ಆ ಹಕ್ಕು ರೆಕಾರ್ಡಿಂಗಿಗೆ. ಹಾಡನ್ನ ಕೇಳಿ ಕಾಗದದ ಮ್ಯಾಲೆ ಬರಕೊಂಡು ಅಚ್ಚು ಹಾಕಿದ್ರ? ಅಲ್ಲಿ ಈ ಕಲಮು ಬರತದೇನು?

ಹಳೆಗಡತ

ಸರಿಯಾದ ಪ್ರಶ್ನೆ. ಬರಹಕ್ಕಿಳಿಸಿದ ಪಾಠಕ್ಕೆ ಆ ಕಲಮು ನೇರವಾಗಿ ನಿಲ್ಲುವುದಿಲ್ಲ. ಪುಸ್ತಕಕ್ಕೆ ಬಂದಾಗ ಮುನ್ನುಡಿ, ಟಿಪ್ಪಣಿ, ಜೋಡಣೆ ಇವುಗಳ ಕಾಪಿರೈಟು ಸಂಪಾದಕರದು, ಹಾಡಿದವರಿಗೆ ಕಾನೂನಿನಲ್ಲಿ ಹಿಡಿಕೆ ಇಲ್ಲ. ಕಾಯ್ದೆ ಕೈಬಿಟ್ಟ ಈ ಜಾಗವನ್ನು ತುಂಬುವುದು ಇಬ್ಬರ ನಡುವಿನ ಬರಹದ ಒಪ್ಪಂದ ಮಾತ್ರ.

ಬೆಳ್ತಂಗಡಿಬಿಸಿಲು

ಪಾಡ್ದನಕ್ಕೆ ಕರ್ತೃ ಇಲ್ಲ ಅನ್ನುವ ಮಾತಿಗೆ ನಮ್ಮ ತಾಲ್ಲೂಕಿನಲ್ಲೇ ಉತ್ತರ ಉಂಟು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹೊಂಕೊ, ಇಲ್ಲಿನ ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಎಲ್ಲ ಸೇರಿ 1990ರಲ್ಲಿ ದಾಖಲಿಸಿದರು. 15,683 ಸಾಲು. 1998ರಲ್ಲಿ ಎರಡು ಸಂಪುಟವಾಗಿ ಬಂದಾಗ ಶೀರ್ಷಿಕೆಯಲ್ಲೇ "ಗೋಪಾಲ ನಾಯ್ಕ ಹಾಡಿದ ಸಿರಿ" ಅಂತ ಹಾಕಿದರು. ಮರ್ಯಾದೆಗೆ ಹಾಕಿದ್ದು ಮಾತ್ರ ಅಲ್ಲ, ಅದರ ಹಿಂದೆ ಒಂದು ವಾದ ಉಂಟು. ಸಿರಿಯ ಕಥೆ ತುಳುನಾಡಿನದ್ದು, ಆದರೆ ಈ 15,683 ಸಾಲು ಅವರ ಮನಸ್ಸಿನಲ್ಲಿ ಕಟ್ಟಿಕೊಂಡದ್ದು. ಪಕ್ಕದ ಊರಿನವರು ಹೇಳಿದರೆ ಬೇರೆ ಸಾಲು, ಬೇರೆ ಉದ್ದ. ಹಾಗಿರುವಾಗ ಯಾರ ಪಾಠ ಅಂತ ಹೇಳದಿದ್ದರೆ ಆ ಪಾಠದ ಬಗ್ಗೆ ಏನು ವಿಶ್ಲೇಷಣೆ ಮಾಡಿದರೂ ಗಾಳಿಗೆ ಗುದ್ದಿದ ಹಾಗೆ.

1886ರಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರ್ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದ. ಇವತ್ತಿಗೂ ಅದು ನಮ್ಮ ಬಾಯಲ್ಲಿ "ಮ್ಯಾನರ್ ಪಾಠ". ಬರೆದುಕೊಂಡವನ ಹೆಸರು ಪಾಠಕ್ಕೆ ಅಂಟಿಕೊಂಡಿತು ನೋಡಿ. ನೇಜಿಸಾಲು ಅವರೇ, ನಿಮ್ಮ ಪ್ರಬಂಧದಲ್ಲಿ ಹೆಸರು ಅನುಬಂಧದಲ್ಲೇ ಉಳಿದರೆ ಅದೇ ಆಗುವುದು. ಮುಂದಿನವರು ಅನುಬಂಧ ತೆರೆಯುವುದಿಲ್ಲ, 112ನೇ ಪುಟದ ಹಾಡನ್ನು ಎತ್ತಿಕೊಂಡು ನಿಮ್ಮ ಹೆಸರು ಹಾಕುತ್ತಾರೆ. ಎರಡನೇ ಉಲ್ಲೇಖದಲ್ಲಿಯೇ ಆ ಹೆಂಗಸರು ಮಾಯ.

ಆದ್ದರಿಂದ ಪ್ರತಿ ಪಾಠದ ತಲೆಯಲ್ಲೇ ಬರೆಯಿರಿ, ಹಾಡು ಎತ್ತಿಕೊಂಡವನು ಹೆಸರನ್ನೂ ಎತ್ತಿಕೊಳ್ಳಲೇಬೇಕಾದ ಹಾಗೆ. ಉದಾಹರಣೆಗೆ ಹೀಗೆ:

"ಪಾಠ 7. ಮುಂದಾಗಿ ಹಾಡಿದವರು: (ಹೆಸರು). ಸೊಲ್ಲು ಹಿಡಿದವರು: (ಹೆಸರು), (ಹೆಸರು). ಕಲಿತದ್ದು: ತಾಯಿಯ ತಾಯಿಯಿಂದ, ಮದುವೆಗೆ ಮುಂಚೆ, ತವರೂರಿನಲ್ಲಿ. ಹಾಡಿದ ಸಂದರ್ಭ: ಕೇಳಿಕೊಂಡ ಮೇಲೆ ಮನೆಯ ಜಗಲಿಯಲ್ಲಿ, ನೇಜಿ ನೆಡುವಾಗ ಅಲ್ಲ. ತಿಂಗಳು, ವರ್ಷ. ಬರಹಕ್ಕಿಳಿಸಿದವರು: ಸಂಶೋಧಕಿ. ಕಠಿಣ ಶಬ್ದಗಳ ಅರ್ಥ ಬಿಡಿಸಿದವರು: (ಹೆಸರು)."

ಐದಾರು ಸಾಲು, ಅಷ್ಟೆ. ಇದರಲ್ಲಿ ಜನ ತಪ್ಪುವುದು ಎರಡು ಕಡೆ. ಸೊಲ್ಲು ಹಿಡಿದವರನ್ನು ಬಿಡುತ್ತಾರೆ. ಆದರೆ ಮುಂದಾಳಿಗೆ ಸಾಲು ಮರೆತಾಗ ಹಿಂದಿನವರು ಎತ್ತಿಕೊಡುವುದು ರೆಕಾರ್ಡಿಂಗಿನಲ್ಲಿ ಎಷ್ಟೋ ಸಲ ಕೇಳುತ್ತದೆ, ಅಂಥಾ ಸಾಲು ಇದ್ದರೆ ಅಲ್ಲೇ ಗುರುತು ಮಾಡಿ. ಎರಡನೆಯದು, ಕಲಿತ ಊರು. ಹೆಂಗಸರ ಹಾಡು ಮದುವೆಯೊಟ್ಟಿಗೆ ಊರು ಬದಲಾಯಿಸುತ್ತದೆ. ಈಗಿನ ವಿಳಾಸ ನೋಡಿ "ಬೆಳ್ತಂಗಡಿಯ ಪಾಠ" ಅಂತ ಬರೆದರೆ ಅದು ಕಾರ್ಕಳದಿಂದ ಬಂದ ಹಾಡಾಗಿರಬಹುದು.

ನಿವೃತ್ತಮೇಷ್ಟ್ರು

ಒಳ್ಳೆಯ ಮಾತು. ಆದರೆ ಪ್ರಬಂಧದ ಚೌಕಟ್ಟನ್ನೂ ನೋಡಬೇಕಲ್ಲ. ಪ್ರತಿ ಪಾಠಕ್ಕೆ ಐದಾರು ಸಾಲಿನ ತಲೆಬರಹ ಸರಿಯಪ್ಪ, ವಿಶ್ಲೇಷಣೆಯ ಅಧ್ಯಾಯಗಳಲ್ಲಿ ಏನು ಮಾಡುತ್ತೀರಿ? ಅಲ್ಲಿ ಒಂದು ಪುಟದಲ್ಲಿ ನಾಲ್ಕು ಹಾಡಿನಿಂದ ಎರಡೆರಡು ಸಾಲು ಬರುತ್ತದೆ. ನಮ್ಮಲ್ಲಿ "(ವಕ್ತೃ 3)" ಅಂತ ಹಾಕುವ ರೂಢಿ ಇದೆ, ಅದು ಚೊಕ್ಕಟವಾಗಿದೆ. ಪುಸ್ತಕದಿಂದ ಎತ್ತಿದ್ದಕ್ಕೆ ಮಾತ್ರ ಗ್ರಂಥಋಣದಲ್ಲಿ ಜಾಗ, ಬಾಯಿಮಾತಿಗೆ ಇಲ್ಲ. ಪರೀಕ್ಷಕರು ತಗಾದೆ ತೆಗೆಯುತ್ತಾರೆ.

ಬೆಳ್ತಂಗಡಿಬಿಸಿಲು

ಮೇಷ್ಟ್ರೇ, ಅದೇ ಪುಟದಲ್ಲಿ ಒಬ್ಬ ಪ್ರಾಧ್ಯಾಪಕರ ಮಾತಿಗೆ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಇರುತ್ತದೆ. ಆ ಪ್ರಾಧ್ಯಾಪಕರು ವಿವರಿಸಿದ ಹಾಡನ್ನು ಹಾಡಿದವರು ಮಾತ್ರ "ವಕ್ತೃ 3". ಎರಡಕ್ಕೂ ಒಂದೇ ಕ್ರಮ ಇಟ್ಟರೆ ಮುಗಿಯಿತು: ಹೆಸರು, ಹಾಡಿದ ವರ್ಷ, ಪುಟದ ಬದಲಿಗೆ ಪಾಠಸಂಖ್ಯೆ ಮತ್ತು ಸಾಲು. "ಪಾಠ 7, ಸಾಲು 40-46". ಹೆಚ್ಚು ಜಾಗ ತಿನ್ನುವುದಿಲ್ಲ.

ಗ್ರಂಥಋಣದ ಮಾತಿಗೆ: ಬಾಯಿಮಾತನ್ನು "ವೈಯಕ್ತಿಕ ಸಂಭಾಷಣೆ" ಅಂತ ಪಟ್ಟಿಯಿಂದ ಹೊರಗಿಡುವ ರೂಢಿ ಅಮೆರಿಕದ ಎಪಿಎ ಶೈಲಿಯಿಂದ ಎಲ್ಲ ಕಡೆ ಹಬ್ಬಿದ್ದು. ಕೆನಡಾದಲ್ಲಿ ಅಲ್ಲಿನ ಮೂಲನಿವಾಸಿ ಹಿರಿಯರ ಮಾತನ್ನು ಮುಖ್ಯ ಪಟ್ಟಿಯಲ್ಲೇ ಸೇರಿಸುವ ಮಾದರಿಗಳನ್ನು ಗ್ರಂಥಪಾಲಕರು ಮಾಡಿ, ಹಲವು ವಿಶ್ವವಿದ್ಯಾಲಯದವರು ಬಳಸುತ್ತಿದ್ದಾರೆ. ಹೆಸರು, ಸಮುದಾಯ, ಊರು, ಯಾವ ವಿಷಯದ ತಿಳಿವು, ದಿನಾಂಕ. ಪರೀಕ್ಷಕರಿಗೆ ಅಷ್ಟು ಅನುಮಾನ ಇದ್ದರೆ ಪೀಠಿಕೆಯಲ್ಲಿ ಉಲ್ಲೇಖಕ್ರಮ ಅಂತ ಒಂದು ಪ್ಯಾರಾ ಬರೆದು ಹೀಗೆ ಯಾಕೆ ಮಾಡಿದ್ದು ಅಂತ ಹೇಳಿದರೆ ಸಾಕು.

ನಿವೃತ್ತಮೇಷ್ಟ್ರು

ಆ ಪ್ಯಾರಾ ಇದ್ದರೆ ಪರೀಕ್ಷಕರು ಒಪ್ಪಬಹುದು. ಸಂಶೋಧನಾ ಸಮಿತಿಗೆ ಮೊದಲೇ ತೋರಿಸಿ, ಕೊನೆಗಳಿಗೆಯಲ್ಲಿ ಬೇಡ. ಇನ್ನೊಂದು, ಹಳೆಯ ಸಂಕಲನಗಳಿಂದ ಪಾಠಾಂತರ ಎತ್ತುವಾಗ ಅಲ್ಲಿ ವಕ್ತೃವಿನ ಹೆಸರೇ ಇರುವುದಿಲ್ಲ. ಅಲ್ಲಿ ಸಂಪಾದಕರ ಹೆಸರಷ್ಟೇ ಹಾಕಿ ಸುಮ್ಮನಾಗಬೇಡಿ. "ಹಾಡಿದವರು ದಾಖಲಾಗಿಲ್ಲ" ಅಂತ ಆ ಎರಡು ಶಬ್ದ ಬರೆಯಿರಿ. ಓದುವವನಿಗೆ ಕೊರತೆ ಎಲ್ಲಿದೆ ಅಂತ ತಿಳಿಯುತ್ತದೆ.

ಪಶ್ಚಿಮದಮಳೆ

ಒಂದು ಅಡ್ಡಪ್ರಶ್ನೆ. ಹೆಸರು ಹಾಕುವುದು ಯಾವಾಗಲೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಂಡಿದ್ದೀರಿ. ಪ್ರಬಂಧ ಶೋಧಗಂಗಾ ಜಾಲತಾಣಕ್ಕೆ ಹೋಗುತ್ತದೆ. ಅಲ್ಲಿಂದ ಗೂಗಲ್ಲಿಗೆ. ಹೆಸರು, ವಯಸ್ಸು, ಜಾತಿ, ಮನೆಯ ಹೆಸರು, ಕೆಲವರು ಫೋನ್ ನಂಬರನ್ನೂ ಹಾಕಿರುತ್ತಾರೆ. ಇದು ಹತ್ತು ಪ್ರತಿ ಟೈಪ್ ಮಾಡಿಸಿ ಗ್ರಂಥಾಲಯದ ಕಪಾಟಿನಲ್ಲಿಡುತ್ತಿದ್ದ ಕಾಲದ ಅನುಬಂಧ, ಈಗ ಅದೇ ನಮೂನೆ ಅಂತರ್ಜಾಲದಲ್ಲಿ. ಗದ್ದೆ ಹಾಡಿನಲ್ಲಿ ಧಣಿಯನ್ನು ಗೇಲಿ ಮಾಡುವ ಸಾಲು, ಪೋಲಿ ಸಾಲು ಬೇಕಾದಷ್ಟು. ಅದೇ ಊರಲ್ಲಿ ಅದೇ ಧಣಿಯ ಮಕ್ಕಳು ಇರುತ್ತಾರೆ.

ಹಳೆಗಡತ

ಇದು ಈ ಚರ್ಚೆಗೆ ಬೇಕಿತ್ತು. ಮನ್ನಣೆಯ ಹೆಸರು ಬೇರೆ, ಜನಗಣತಿಯ ವಿವರ ಬೇರೆ. ಮೊದಲನೆಯದು ಅವರು ಬಯಸಿದರೆ ಪೂರ್ತಿ, ದಪ್ಪಕ್ಷರದಲ್ಲಿ ಬೇಕಾದರೂ ಹಾಕಿ. ಎರಡನೆಯದರಲ್ಲಿ ವಾದಕ್ಕೆ ಬೇಕಾದಷ್ಟು ಮಾತ್ರ. ಜಾತಿಯ ಮೇಲೆ ಪಾಠ ಹೇಗೆ ಬದಲಾಗುತ್ತದೆ ಅಂತ ಒಂದು ಅಧ್ಯಾಯವೇ ಇದ್ದರೆ ಜಾತಿ ಬೇಕು. ಇಲ್ಲದಿದ್ದರೆ ನಮೂನೆಯಲ್ಲಿ ಕಾಲಂ ಇದೆ ಅನ್ನುವುದಷ್ಟೇ ಕಾರಣ, ಅದು ಸಾಲದು. ಫೋನ್ ನಂಬರು ಎಂದೂ ಬೇಡ.

ಯಾವ ಹಾಡಿಗೆ ಹೆಸರು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಹಾಡುವವರೇ ಹೇಳಬೇಕು. ಅದೂ ಹಾಡುಹಾಡಿಗೆ. ಒಬ್ಬರೇ ಹೆಂಗಸು ಪಾಠ 7ಕ್ಕೆ ತನ್ನ ಹೆಸರು ಹಾಕಿ ಅಂದು, ಧಣಿಯನ್ನು ಆಡಿಕೊಂಡ ಪಾಠ 12ಕ್ಕೆ ಬೇಡ ಅನ್ನಬಹುದು. ಹಾಗಾದಾಗ 12ರಲ್ಲಿ ಸೊಲ್ಲು ಹಿಡಿದವರ ಹೆಸರನ್ನೂ ತೆಗೆಯಿರಿ. ಅದೇ ಮೂವರು ಉಳಿದ ಹಾಡುಗಳಲ್ಲಿ ಒಟ್ಟಿಗೇ ಇದ್ದರೆ, ಇಬ್ಬರ ಹೆಸರು ಕಂಡ ಕೂಡಲೆ ಮೂರನೆಯವರು ಯಾರೆಂದು ಊರಿಗೆಲ್ಲ ತಿಳಿಯುತ್ತದೆ.

ಒಪ್ಪಿಗೆ ಯಾವಾಗ ಕೇಳಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಹಾಡುವ ಮೊದಲೇ ಒಂದು ಹಾಳೆಗೆ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳುತ್ತಾರೆ. ಏನು ಹಾಡುತ್ತೇನೆ ಅಂತ ಅವರಿಗೇ ಆಗ ಗೊತ್ತಿರುವುದಿಲ್ಲ. ರೆಕಾರ್ಡ್ ಮಾಡಲು ಮೊದಲು ಬಾಯಿಮಾತಿನ ಒಪ್ಪಿಗೆ ಸಾಕು. ಬರೆದುಕೊಂಡ ಮೇಲೆ ಮತ್ತೊಮ್ಮೆ ಹೋಗಿ, ಹಾಡನ್ನು ಕೇಳಿಸಿ, ಆಮೇಲೆ ತುಳುವಿನಲ್ಲೇ ನಾಲ್ಕು ವಿಷಯ ಬೇರೆ ಬೇರೆಯಾಗಿ ಕೇಳಿ. ಪ್ರಬಂಧದಲ್ಲಿ ಅಚ್ಚು ಮಾಡಬಹುದಾ? ಧ್ವನಿಯನ್ನು ಒಂದು ಸಂಗ್ರಹಾಲಯದಲ್ಲಿ ಇಡಬಹುದಾ? ಅಂತರ್ಜಾಲದಲ್ಲಿ ಯಾರು ಬೇಕಾದರೂ ಕೇಳುವಂತೆ ಹಾಕಬಹುದಾ? ಬೇರೆಯವರು ಇದನ್ನು ನಾಟಕಕ್ಕೆ, ಸಿನಿಮಾಕ್ಕೆ, ಆಲ್ಬಮ್ಮಿಗೆ ಕೇಳಿದರೆ ಏನು ಹೇಳಲಿ? ಮೊದಲ ಎರಡಕ್ಕೆ ಹೂಂ ಅಂದವರು ಮೂರನೆಯದಕ್ಕೆ ಬೇಡ ಅನ್ನುವುದು ಸಾಮಾನ್ಯ. ಎಲ್ಲವನ್ನೂ ಒಂದೇ ಸಹಿಗೆ ಕಟ್ಟಿದರೆ ಆ ಬೇಡ ನಿಮಗೆ ಕೇಳಿಸುವುದೇ ಇಲ್ಲ. ಓದು ಬಾರದವರ ಉತ್ತರ ಧ್ವನಿಯಲ್ಲೇ ಇರಲಿ, ಹಾಡಿನ ಕಡತದ ಪಕ್ಕದಲ್ಲೇ ಅದನ್ನೂ ಇಡಿ. ಕಡತದ ಹೆಸರಿನಲ್ಲೇ ತಿಳಿಯುವಂತಿದ್ದರೆ ಎಷ್ಟೋ ವರ್ಷದ ನಂತರ ಬೇರೆಯವರು ತೆರೆದರೂ ಗೊಂದಲವಿಲ್ಲ:

```
P07_2024-07-14_hadu.wav
P07_2024-09-08_oppige.wav
```

ಹಿಂತೆಗೆದುಕೊಳ್ಳುವ ಗಡುವನ್ನೂ ಸುಳ್ಳಿಲ್ಲದೆ ಹೇಳಿ. ಪ್ರಬಂಧ ಸಲ್ಲಿಸುವವರೆಗೆ ಯಾವ ಹಾಡನ್ನಾದರೂ ತೆಗೆಯಬಹುದು. ಶೋಧಗಂಗಾಕ್ಕೆ ಏರಿ ಜನ ಇಳಿಸಿಕೊಂಡ ಮೇಲೆ ಅದನ್ನು ವಾಪಸು ತರುವ ಶಕ್ತಿ ನಿಮಗಿಲ್ಲ. "ಯಾವಾಗ ಬೇಕಾದರೂ ತೆಗೆಯುತ್ತೇನೆ" ಅನ್ನುವ ಮಾತು ಕೊಡಬೇಡಿ.

ನೇಜಿಸಾಲು

ಮೂರನೆಯ ಪ್ರಶ್ನೆಯನ್ನು ನಾನು ಕೇಳಿಯೇ ಇಲ್ಲ. ಹಾಗಾದರೆ ಕ್ಯೂಆರ್ ಕೋಡ್ ಸದ್ಯಕ್ಕೆ ಬಿಟ್ಟೆ. ಆ ಕೋಲದ ಭಾಗದ ಬಗ್ಗೆ ಯಾರಾದರೂ ಹೇಳಿ. ಹಿರಿಯರು ನನಗೆ ಹೇಳಿದ್ದಾರೆ, ನಿಲ್ಲಿಸು ಅಂತಲೂ ಹೇಳಲಿಲ್ಲ.

ಬೆಳ್ತಂಗಡಿಬಿಸಿಲು

"ಕೋಲದ ದಿನ ಮಾತ್ರ" ಅಂದದ್ದೇ ಉತ್ತರ ಅಲ್ವಾ ಮಾರಾಯ್ರೆ. ನಿಮಗೆ ಹೇಳಿದ್ದಾರೆ ಅಂದರೆ ಅಚ್ಚು ಹಾಕಲು ಕೊಟ್ಟಿದ್ದಾರೆ ಅಂತಲ್ಲ. ಪ್ರಬಂಧದಲ್ಲಿ ಆ ಜಾಗಕ್ಕೆ ಬಂದಾಗ ಕದ್ದುಮುಚ್ಚಿ ಕತ್ತರಿಸಬೇಡಿ. ಹಾಗೆ ಮಾಡಿದರೆ ಪಾಠ ಪೂರ್ತಿ ಉಂಟು ಅಂತ ಓದುವವರು ತಿಳಿಯುತ್ತಾರೆ. "ಸಾಲು 212ರ ನಂತರದ ಭಾಗ ಕೋಲದ ಸಂದರ್ಭಕ್ಕೆ ಮೀಸಲು, ಹೇಳಿದವರ ಮಾತಿನಂತೆ ಇಲ್ಲಿ ಕೊಟ್ಟಿಲ್ಲ, ಸುಮಾರು ಇಷ್ಟು ಸಾಲು" ಅಂತ ಬರೆಯಿರಿ. ಕಥೆ ಎತ್ತ ಹೋಗುತ್ತದೆ ಅಂತ ಎರಡು ವಾಕ್ಯದಲ್ಲಿ ಹೇಳಬಹುದೋ ಅಂತ ಅವರಲ್ಲೇ ಕೇಳಿ.

ಪಶ್ಚಿಮದಮಳೆ

ಆದರೆ ಅವರೊಬ್ಬರ ಮಾತು ಸಾಕೇ? ಆ ಹಿರಿಯರು ನಾಳೆ "ಹಾಕಿ, ಏನಾಗುತ್ತದೆ" ಅಂದರು ಅಂತಿಟ್ಟುಕೊಳ್ಳಿ. ಅದೇ ದೈವಕ್ಕೆ ಕಟ್ಟುವ ಬೇರೆ ಕುಟುಂಬದವರು, ಕೋಲ ಕೊಡಿಸುವ ಗುತ್ತಿನ ಮನೆಯವರು ಬೇಡ ಅನ್ನಬಹುದು. ಹೋದ ಕೆಲವು ವರ್ಷಗಳಲ್ಲಿ ದೈವದ ವಿಷಯ ಸಿನಿಮಾ, ರೀಲ್ಸ್ ಅಂತ ಎಷ್ಟು ಬಿಸಿಯಾಗಿದೆ ಅಂತ ಗೊತ್ತಲ್ಲ. ಅನುಮತಿ ಕೊಡುವ ಅಧಿಕಾರ ಹಾಡಿದವರದೋ, ಕಟ್ಟುವ ಸಮುದಾಯದ್ದೋ, ದೈವಸ್ಥಾನ ನಡೆಸುವವರದೋ?

ಬೆಳ್ತಂಗಡಿಬಿಸಿಲು

ಗುತ್ತಿನವರನ್ನು ಕೇಳಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪಾಡ್ದನ ಕಟ್ಟುವವರ ಮನೆಯ ವಿದ್ಯೆ, ಕೋಲ ಕೊಡಿಸುವವರದ್ದಲ್ಲ. ಅವರಲ್ಲಿ ಅನುಮತಿ ಕೇಳಿದರೆ ಹಳೆಯ ಯಜಮಾನಿಕೆಗೆ ನೀವೇ ಸಹಿ ಹಾಕಿದ ಹಾಗೆ. ಅದೇ ಸಮುದಾಯದ ಬೇರೆ ಮನೆಗಳವರನ್ನು ಕೇಳುವುದು ಬೇರೆ ಮಾತು, ಕೇಳಬೇಕು.

ಪಶ್ಚಿಮದಮಳೆ

ತತ್ವ ಸರಿ. ಪ್ರಬಂಧ ಬಂದ ಮೇಲೆ ಗಲಾಟೆಯಾದರೆ ಎದುರಿಸಬೇಕಾದವರು ಊರಲ್ಲಿರುವ ಆ ಹಿರಿಯರು, ನೇಜಿಸಾಲು ಅವರೂ ಅಲ್ಲ, ನೀವೂ ಅಲ್ಲ. ನಾನಾದರೆ ಹಾಕುವುದಿಲ್ಲ.

ಕಾಡಂಚು

ನಾನು ಚಾಮರಾಜನಗರದ ಕಡೆ ಗಿಡಮೂಲಿಕೆಯ ಹೆಸರುಗಳ ಮೇಲೆ ಕೆಲಸ ಮಾಡುತ್ತಿರುವವನು, ಹಾಡು ನನ್ನ ಕ್ಷೇತ್ರವಲ್ಲ. ನಮ್ಮಲ್ಲಿ ಸೋಲಿಗರ ಜೊತೆ ಕೆಲಸ ಮಾಡುವಾಗ 2006ರ ಅರಣ್ಯ ಹಕ್ಕು ಕಾಯ್ದೆ ಆಧಾರಕ್ಕೆ ಬರುತ್ತದೆ, ಅದರ 3(1)(ಕೆ) ಕಲಮಿನಲ್ಲಿ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯದ ಹಕ್ಕು ಅಂತ ನೇರವಾಗಿ ಬರೆದಿದೆ. ನಿಮಗೂ ಅದೇ ಅನ್ವಯಿಸುತ್ತದೆ, ಗ್ರಾಮಸಭೆಯ ನಿರ್ಣಯ ಮಾಡಿಸಿ.

ಹಳೆಗಡತ

ಅಲ್ಲಿಗೆ ಸರಿ, ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಆ ಕಲಮು ಅರಣ್ಯವಾಸಿ ಬುಡಕಟ್ಟುಗಳ ಮತ್ತು ಕಾಡನ್ನೇ ನೆಚ್ಚಿರುವ ಇತರ ಪಾರಂಪರಿಕ ನಿವಾಸಿಗಳ ಹಕ್ಕು, ವಿಷಯ ಜೀವವೈವಿಧ್ಯಕ್ಕೆ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸಂಬಂಧಿಸಿದ ಜ್ಞಾನ. ಬಯಲ ಗದ್ದೆಯ ಕೂಲಿ ಹೆಂಗಸರ ಹಾಡಿಗೆ ಗ್ರಾಮಸಭೆ ಕರೆದರೆ ಅವರ ಹಾಡಿಗೆ ಪಂಚಾಯತಿಯವರು ಒಡೆಯರಾಗುತ್ತಾರೆ. ಆದರೆ ನೀವು ಬಂದದ್ದು ಒಳ್ಳೆಯದಾಯಿತು. ಆ ಬಾಣಂತಿ ಮದ್ದಿನ ವಿಷಯಕ್ಕೆ ನಿಮ್ಮ ಅನುಭವ ಬೇಕು.

ಕಾಡಂಚು

ಮದ್ದಿಗೆ ಹೇಳುವುದಾದರೆ, ಹಾಡಿನ ಪ್ರಬಂಧದಲ್ಲಿ ಅದು ಯಾತಕ್ಕೆ? ಮಾತಿನ ನಡುವೆ ಬಂತು ಅಂತ ಸೊಪ್ಪಿನ ಹೆಸರು, ಎಷ್ಟು ಹಿಡಿ, ಯಾತರಲ್ಲಿ ಅರೆಯುವುದು, ಎಷ್ಟು ದಿನ ಅಂತ ಬರೆದರೆ ಅದು ಅಚ್ಚಾದ ದಿನವೇ ಲೋಕಕ್ಕೆಲ್ಲ ಸಿಕ್ಕಿತು. ಅಚ್ಚಾದದ್ದರ ಮೇಲೆ ಯಾರೂ ಪೇಟೆಂಟ್ ಪಡೆಯಲಾಗದು ಅನ್ನುವುದು ಒಂದು ಲಾಭ. ಆದರೆ ಹೇಳಿದವರ ಮನೆಗೂ ಆಮೇಲೆ ಕೇಳಲು ಏನೂ ಉಳಿಯುವುದಿಲ್ಲ.

ಕೇರಳದ ಕಾಣಿ ಜನರದ್ದು ಎಲ್ಲರೂ ಹೇಳುವ ಉದಾಹರಣೆ, ಆದರೆ ಅರ್ಧ ಮಾತ್ರ ಹೇಳುತ್ತಾರೆ. 1987ರಲ್ಲಿ ಅಗಸ್ತ್ಯಮಲೆಯಲ್ಲಿ ದಾರಿ ತೋರಿಸಲು ಬಂದ ಕಾಣಿಗಳು ಒಂದು ಕಾಯಿ ತಿನ್ನುತ್ತ ದಣಿವಿಲ್ಲದೆ ನಡೆಯುವುದನ್ನು ವಿಜ್ಞಾನಿಗಳು ಕಂಡರು. ಅದೇ ಆರೋಗ್ಯಪಚ್ಚ. ಅದರಿಂದ ಜೀವನಿ ಎಂಬ ಮದ್ದು ಮಾಡಿ ಕೊಯಮತ್ತೂರಿನ ಕಂಪನಿಗೆ ತಯಾರಿಸುವ ಹಕ್ಕು ಕೊಟ್ಟರು, 10 ಲಕ್ಷ ರೂಪಾಯಿ ಮತ್ತು ಶೇಕಡಾ 2 ರಾಯಧನಕ್ಕೆ. ಅದರಲ್ಲಿ ಅರ್ಧ ಕಾಣಿಗಳಿಗೆ ಅಂತಾಯಿತು. ಆದರೆ ದುಡ್ಡು ಪಡೆಯುವ "ಕಾಣಿಗಳು" ಯಾರು? ಅದಕ್ಕಾಗಿ ಒಂದು ಟ್ರಸ್ಟ್ ನೋಂದಣಿಯಾದದ್ದು 1997ರಲ್ಲಿ. ತಮ್ಮನ್ನು ಯಾರೂ ಕೇಳಲಿಲ್ಲ ಎಂಬ ದೂರು ಬೇರೆ ಊರುಗಳ ಕಾಣಿಗಳಿಂದ ಬಂತು. ಮೊದಲು ಹೇಳಿದವರು ಯಾರು, ಯಾರ ಪರವಾಗಿ ಹೇಳಿದರು ಎಂಬುದನ್ನು ಮೊದಲ ದಿನದ ಟಿಪ್ಪಣಿಯಲ್ಲೇ ಬಿಡಿಸಿ ಬರೆಯದಿದ್ದರೆ ಆಮೇಲೆ ಹತ್ತು ವರ್ಷ ಹಿಡಿಯುತ್ತದೆ.

ನಿಮ್ಮ ಪ್ರಬಂಧದಲ್ಲಿ "ಬಾಣಂತಿ ಆರೈಕೆಯ ತಿಳಿವೂ ಇವರಲ್ಲಿದೆ" ಎಂಬ ಒಂದು ವಾಕ್ಯ ಸಾಕು. ಪ್ರಮಾಣ, ವಿಧಾನ ಬೇಡ. ರೆಕಾರ್ಡಿಂಗಿನ ಆ ತುಂಡನ್ನೂ ಬೇರೆ ಕಡತ ಮಾಡಿ ತೆಗೆದಿಡಿ, ಹಾಡಿನ ಕಡತದ ಜೊತೆ ಸಂಗ್ರಹಾಲಯಕ್ಕೆ ಹೋಗಬಾರದು. ಇದನ್ನು ಮರೆಯುವವರೇ ಹೆಚ್ಚು. ಬರಹದಲ್ಲಿ ಬಿಟ್ಟಿರುತ್ತಾರೆ, ಧ್ವನಿಯಲ್ಲಿ ಪೂರ್ತಿ ಇರುತ್ತದೆ.

ಎಂಎಮುಗೀತು

ಮೊದಲು ಪ್ರಶ್ನೆ ತಪ್ಪಾಗಿ ಓದಿದ್ದೆ, ಈಗ ಓದುತ್ತಿದ್ದೇನೆ. ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಪುಸ್ತಕ ಬಂದರೆ ಹಾಡಿದವರಿಗೆ ಪಾಲು ಕೊಡಬೇಕಲ್ಲವೇ?

ಹಳೆಗಡತ

ಕೊಡಬೇಕು, ಆದರೆ ಲೆಕ್ಕ ಹಾಕಿ ನೋಡಿ. 300 ಪ್ರತಿ, ಬೆಲೆ 250 ರೂಪಾಯಿ, ಶೇಕಡಾ 10 ಗೌರವಧನ ಅಂದರೆ ಎಲ್ಲ ಪ್ರತಿ ಖರ್ಚಾದರೆ 7,500 ರೂಪಾಯಿ. ಪೂರ್ತಿ ಕೊಟ್ಟರೂ ನಾಲ್ವರಿಗೆ ತಲಾ 1,875, ಅದೂ ಎರಡು ಮೂರು ವರ್ಷದಲ್ಲಿ. ಹಾಗಾಗಿ "ಪುಸ್ತಕ ಬಂದಾಗ ಪಾಲು" ಎಂಬ ಭರವಸೆಗಿಂತ ಹಾಡಿದ ದಿನದ ಕೂಲಿ ಮುಖ್ಯ. ನೇಜಿ ನೆಡುವ ಕಾಲದಲ್ಲಿ ಒಂದು ದಿನ ನಿಮಗಾಗಿ ಕೂತರೆ ಅವರಿಗೆ ಒಂದು ದಿನದ ಸಂಬಳ ಹೋಗಿರುತ್ತದೆ. ಆ ಊರಿನ ಆ ಹಂಗಾಮಿನ ಕೂಲಿಯನ್ನು ಮೂವರಿಗೂ ಕೊಡಿ, ಮುಂದಾಳಿಗೆ ಮಾತ್ರ ಅಲ್ಲ. ಹಾಡಿನ ಲೆಕ್ಕದಲ್ಲಿ ಕೊಡಬೇಡಿ. ಹಾಡಿಗಿಷ್ಟು ಅಂತ ಆದರೆ ಉದ್ದದ ಪಾಡ್ದನ ತುಂಡಾಗಿ ನಾಲ್ಕು ಹಾಡಾಗುತ್ತದೆ, ನಿಮ್ಮ ಪಾಠವೇ ಕೆಡುತ್ತದೆ.

ಪುಸ್ತಕದ ಶೀರ್ಷಿಕೆ ಪುಟದಲ್ಲಿ "ಹಾಡಿದವರು" ಅಂತ ಮೇಲೆ, "ಸಂಗ್ರಹ, ಸಂಪಾದನೆ" ಅಂತ ಕೆಳಗೆ. ಪ್ರಕಾಶಕರು ಮುಖಪುಟಕ್ಕೆ ಒಪ್ಪದಿದ್ದರೂ ಒಳಪುಟಕ್ಕೆ ಒಪ್ಪುತ್ತಾರೆ. ಗ್ರಂಥಾಲಯದ ಸೂಚಿ ಮಾಡುವವರು ನೋಡುವುದು ಒಳಪುಟವನ್ನೇ. ಅಲ್ಲಿ ಹೆಸರಿದ್ದರೆ ಹುಡುಕಿದಾಗ ಹಾಡಿದವರ ಹೆಸರಿನಲ್ಲೂ ಪುಸ್ತಕ ಸಿಗುವಂತೆ ಮಾಡಬಹುದು.

ಧಾರವಾಡಗಾಳಿ

ಧ್ವನಿ ಇಡಲಿಕ್ಕೆ ಜಾಗ ಎಲ್ಲಿ? ನಮ್ಮ ವಿಭಾಗಗಳಾಗ ಸಿಡಿ ಇಟ್ಟಿದ್ದು ಫಂಗಸ್ ತಿಂತದ.

ಹಳೆಗಡತ

ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ನಡೆಸುವ ಎಆರ್‌ಸಿಇ ಎಂಬ ಸಂಗ್ರಹಾಲಯ ಇದೆ, 1982ರಲ್ಲಿ ಶುರುವಾದದ್ದು, ಸಂಗ್ರಹಕಾರರು ಹಾಕಿದ ಷರತ್ತಿನಂತೆ ಕೇಳಲು ಕೊಡುತ್ತದೆ. ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ನಿಮಗೆ ಹತ್ತಿರ. ಎಲ್ಲಿ ಇಟ್ಟರೂ ಒಂದು ಪ್ರತಿ ಹಾಡಿದವರ ಮನೆಗೆ, ಅವರು ತೆರೆಯಬಲ್ಲ ರೂಪದಲ್ಲಿ. ಡಬ್ಲ್ಯುಎವಿ ಕಡತ ಸಂಗ್ರಹಾಲಯಕ್ಕೆ ಸರಿ. ಮನೆಗೆ ಮಕ್ಕಳ ಮೊಬೈಲಿನ ಮೆಮೊರಿ ಕಾರ್ಡಿಗೆ ಎಂಪಿ3 ಮಾಡಿ ಹಾಕಿ ಕೊಡಿ.

ನೇಜಿಸಾಲು

ಸದ್ಯಕ್ಕೆ ಹೀಗೆ ಮಾಡುತ್ತೇನೆ. ಪಾಠದ ತಲೆಯಲ್ಲಿ ವಿವರ, ಅನುಬಂಧದಿಂದ ಜಾತಿ, ವಯಸ್ಸಿನ ಕಾಲಂ ತೆಗೆಯುವುದು, ಮದ್ದಿನ ತುಂಡು ಬೇರೆ ಕಡತ, ಉಲ್ಲೇಖಕ್ರಮದ ಪ್ಯಾರಾವನ್ನು ಗೈಡ್‌ಗೆ ತೋರಿಸುವುದು. ಒಪ್ಪಿಗೆಗೆ ಮತ್ತೆ ಹೋಗಲೇಬೇಕು. ಒಂದು ತೊಡಕು ಉಳಿಯಿತು. ಸೊಲ್ಲು ಹಿಡಿದ ಇಬ್ಬರಲ್ಲಿ ಒಬ್ಬರು ರೆಕಾರ್ಡಿಂಗ್ ಆದ ಮೇಲೆ ತೀರಿಕೊಂಡಿದ್ದಾರೆ. ಅವರ ಪರವಾಗಿ ಯಾರನ್ನು ಕೇಳಲಿ? ಮಗ ಬೆಂಗಳೂರಿನಲ್ಲಿದ್ದಾರೆ, ತಾಯಿ ಹಾಡುತ್ತಿದ್ದದ್ದೇ ಅವರಿಗೆ ಗೊತ್ತಿಲ್ಲ.

ಬೆಳ್ತಂಗಡಿಬಿಸಿಲು

ಮಗನನ್ನು ಕೇಳಿ, ಆದರೆ ಮೊದಲು ಜೊತೆಯಲ್ಲಿ ಹಾಡಿದ ಇಬ್ಬರನ್ನು ಕೇಳಿ. ಹೆಸರು ಬೇಕು ಅಂತ ಅವರು ಬದುಕಿದ್ದಾಗ ಏನಾದರೂ ಹೇಳಿದ್ದರೋ ಅಂತ ಅವರಿಗೇ ಗೊತ್ತಿರುವುದು.

ಹಳೆಗಡತ

ಕಾನೂನಿನಲ್ಲಿ ವಾರಸುದಾರರು ಮಗ, ಧ್ವನಿಯನ್ನು ಪ್ರಕಟಿಸುವುದಕ್ಕೆ ಅವರ ಬರಹದ ಒಪ್ಪಿಗೆ ಬೇಕು. ಹೆಸರಿನ ವಿಷಯದಲ್ಲಿ ಬೆಳ್ತಂಗಡಿಯವರ ಮಾತು ನನಗೂ ಸರಿ ಕಾಣುತ್ತದೆ. ಮಗನ ಮಾತೂ ಜೊತೆಯಲ್ಲಿ ಹಾಡಿದವರ ಮಾತೂ ಬೇರೆಯಾದರೆ ಏನು ಮಾಡುವುದು ಅನ್ನುವುದಕ್ಕೆ ನನ್ನಲ್ಲಿ ನಿಯಮವಿಲ್ಲ. ಹಾಗಾದಾಗ ಇಲ್ಲಿಯೇ ಬರೆಯಿರಿ, ನೋಡೋಣ.